ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟು: ವೈರಿಂಗ್ ಕಲಿಯುವ ಹುಡುಗರ ಪಾಠ



ಆದವಾನಿ, ಆಲೂರು, ಹೊಳಗುಂದ, ಕೋಸಿಗಿ ಕಡೆಯಿಂದ ವೈರಿಂಗ್ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ಸಂಘದಲ್ಲಿ ನಡೆದ ಪಾಠದ ವಿವರ ಕೇಳಿದ್ದಿರಿ. ಪಾಠ ಇಡಿಸಲು ಕಾರಣ ನಮ್ಮ ಮನೆಯಲ್ಲಿಯೇ ನಡೆದ ಒಂದು ಘಟನೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ಬಲ್ಬಿನ ಹೋಲ್ಡರ್ ಬದಲಿಸಲು ಬಂದ ಹುಡುಗ ಸ್ವಿಚ್ ಆಫ್ ಮಾಡಿಯೇ ಕಬ್ಬಿಣದ ಸ್ಟೂಲ್ ಹತ್ತಿದ. ಬರಿಗಾಲು, ಒಂದು ಕೈ ಗೋಡೆಯ ಮೇಲೆ. ಹೋಲ್ಡರಿನ ಸ್ಕ್ರೂ ಸಡಿಲಿಸುತ್ತಿದ್ದಂತೆ ಶಾಕ್ ಹೊಡೆದು ಕೆಳಗೆ ಬಿದ್ದ. ಮಣಿಕಟ್ಟು ಮುರಿಯಿತು. ಬೋರ್ಡು ಬಿಚ್ಚಿ ನೋಡಿದರೆ ತಪ್ಪೇನೂ ಕಾಣಲಿಲ್ಲ. ಕೆಂಪು ತಂತಿ ಸ್ವಿಚ್ಚಿನ ಮೂಲಕ, ಕಪ್ಪು ತಂತಿ ನೇರವಾಗಿ ಹೋಲ್ಡರಿಗೆ ಹೋಗಿತ್ತು.

ಕಾರಣ ಹುಡುಕಿಕೊಟ್ಟವರು ಈ ಪಾಠ ಮಾಡಿದ ಮೇಸ್ತ್ರಿಯವರು. ಅವರು ಸಾಕೆಟ್ಟುಗಳಿಗೆ ಟೆಸ್ಟರ್ ಹಾಕುತ್ತ ಹೋದರು. ಅರ್ತ್ ತೂತು ಮೇಲೆ ಇರುವಂತೆ ಎದುರು ನಿಂತು ನೋಡಿದರೆ ಫೇಸ್ ಬಲಗಡೆಯ ತೂತಿನಲ್ಲಿ ಇರಬೇಕು. ನಮ್ಮಲ್ಲಿ ಎಲ್ಲ ಕೋಣೆಗಳಲ್ಲೂ ಎಡಗಡೆ ಉರಿಯಿತು. ಒಂದೇ ಸಾಕೆಟ್ಟಿನಲ್ಲಿ ಹೀಗಾದರೆ ತಪ್ಪು ಆ ಬೋರ್ಡಿನದು. ಮನೆಯೆಲ್ಲ ಹೀಗಿದ್ದರೆ ತಂತಿ ಅದಲುಬದಲಾದದ್ದು ಮೇನಿಗಿಂತ ಹಿಂದೆ. ಕೆಲವು ದಿನಗಳ ಹಿಂದೆ ಕಂಬದಿಂದ ಬರುವ ಸರ್ವೀಸ್ ವೈರ್ ಬದಲಾಗಿತ್ತು, ಆಗ ಎರಡು ತಂತಿಗಳ ತುದಿ ಅದಲುಬದಲಾಗಿದ್ದವು. ಸ್ವಿಚ್ ಕಡಿದದ್ದು ನ್ಯೂಟ್ರಲನ್ನು, ಫೇಸ್ ಹೋಲ್ಡರಿನಲ್ಲಿಯೇ ನಿಂತಿತ್ತು.

ಇದನ್ನೇ ಪಾಠದಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಲಾಯಿತು. ಒಂದು ಹಲಗೆ, ಎರಡು ಬಲ್ಬು, ಎರಡು ಸ್ವಿಚ್ಚು. ಒಂದಕ್ಕೆ ಫೇಸ್ ತಂತಿಯಲ್ಲಿ ಸ್ವಿಚ್, ಇನ್ನೊಂದಕ್ಕೆ ನ್ಯೂಟ್ರಲಿನಲ್ಲಿ. ಎರಡೂ ಒಂದೇ ತರಹ ಹತ್ತುತ್ತವೆ, ಒಂದೇ ತರಹ ಆರುತ್ತವೆ. ಆರಿಸಿ, ಬಲ್ಬು ತೆಗೆದು, ಮೇಸ್ತ್ರಿಯವರು ಟೆಸ್ಟರ್ ಇಟ್ಟಾಗ ಎರಡನೆಯ ಹೋಲ್ಡರಿನ ಒಂದು ಪಿನ್ನಿನಲ್ಲಿ ದೀಪ ಉರಿಯಿತು. ಹುಡುಗರು ಸುಮ್ಮನಾದರು. ಹಲಗೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ಕರೆಂಟು ಕೊಟ್ಟಿದ್ದರು. ಆದರೆ ಅದನ್ನು ಪೂರ್ತಿ ನಂಬಬೇಡಿ ಎಂದರು. ಮೈಯ ಮೂಲಕ ಕರೆಂಟು ನೆಲಕ್ಕೆ ಸೋರಿದರೆ ಅದು ಬೀಳುತ್ತದೆ. ನೆಲಕ್ಕೆ ಸೋರದೆ ಎರಡು ತಂತಿಗಳ ನಡುವೆ ಕೈ ಸಿಕ್ಕಿದರೆ ಅದಕ್ಕೆ ತಿಳಿಯುವುದಿಲ್ಲ.

ಮನೆಯವರಿಗೂ ಒಂದು ಗುರುತು ಹೇಳಿದರು. ಆರಿಸಿದ ಎಲ್‌ಇಡಿ ಬಲ್ಬು ರಾತ್ರಿ ಮಂದವಾಗಿ ಮಿನುಗುತ್ತಿದ್ದರೆ ಸ್ವಿಚ್ ನ್ಯೂಟ್ರಲಿನಲ್ಲಿ ಇರಬಹುದು. ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಹೀಗಾಗುವುದರಿಂದ ತೋರಿಸಿಯೇ ತೀರ್ಮಾನಿಸಬೇಕು.

ಹುಡುಗರು ಅದೇ ಜೋಡಣೆಯನ್ನು ಮಾಡಿದ್ದು ಕರೆಂಟಿಲ್ಲದ ಹಲಗೆಯ ಮೇಲೆ. ಪ್ರತಿ ಸ್ಕ್ರೂ ಬಿಗಿದ ಮೇಲೆ ತಂತಿ ಎಳೆದು ನೋಡಬೇಕು. ನಂತರ ಬಲ್ಬು ತೆಗೆದು ಮಲ್ಟಿಮೀಟರಿನಿಂದ ಪರೀಕ್ಷೆ: ಪ್ಲಗ್ಗಿನ ಫೇಸ್ ಪಿನ್ನಿನಿಂದ ಹೋಲ್ಡರಿಗೆ ಇರುವ ದಾರಿ ಸ್ವಿಚ್ ಹಾಕಿದಾಗ ಮಾತ್ರ ಕೂಡಬೇಕು, ನ್ಯೂಟ್ರಲ್ ದಾರಿ ಯಾವಾಗಲೂ ಕೂಡಿರಬೇಕು. ಮೇಸ್ತ್ರಿಯವರು ಒಪ್ಪಿದ ಮೇಲೆ ಅವರೇ ಪ್ಲಗ್ ಹಾಕುತ್ತಿದ್ದರು. ಮೂವರ ಹಲಗೆಗಳು ವಾಪಸ್ ಬಂದವು. ಇಬ್ಬರದು ಸಡಿಲ ಸ್ಕ್ರೂ, ಒಬ್ಬನದು ನ್ಯೂಟ್ರಲಿನಲ್ಲಿ ಸ್ವಿಚ್!

ಕೊನೆಗೆ, ಮುಟ್ಟುವ ಮುನ್ನ ನೋಡಬೇಕಾದ ಪಟ್ಟಿಯನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೊದಲು ಮನೆಯವರಿಗೆ ಹೇಳಿ ಮೇನ್ ತೆಗೆಯುವುದು. ಒಂದೇ ತಂತಿ ಕಡಿಯುವ ಎಂಸಿಬಿ ಸಾಲದು. ನಮ್ಮ ಮನೆಯಂತೆ ತಂತಿ ಅದಲುಬದಲಾಗಿದ್ದರೆ ಅದು ಬಿದ್ದರೂ ಫೇಸ್ ಉಳಿಯುತ್ತದೆ. ಎರಡೂ ತಂತಿಗಳನ್ನು ಕಡಿಯುವ ಮೇನೇ ಆಗಬೇಕು. ಯಾರೂ ಮತ್ತೆ ಹಾಕದಂತೆ ಅದರ ಮೇಲೆ ಟೇಪು ಸುತ್ತಿ ಚೀಟಿ ಅಂಟಿಸಬೇಕು, ಫ್ಯೂಸ್ ಇದ್ದರೆ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಎರಡನೆಯದು ಇನ್ವರ್ಟರ್. ಮೇನ್ ತೆಗೆದ ಕೂಡಲೇ ಕರೆಂಟು ಹೋಯಿತೆಂದು ತಿಳಿದು ಅದು ತಾನೇ ಲೈನಿಗೆ ಕರೆಂಟು ಕೊಡತೊಡಗುತ್ತದೆ. ಇದನ್ನು ಮರೆತು ಶಾಕ್ ಹೊಡೆಸಿಕೊಂಡೆವೆಂದು ಅಲ್ಲಿ ಇಬ್ಬರು ಒಪ್ಪಿಕೊಂಡರು.

ಮೂರನೆಯದು ಟೆಸ್ಟರಿನ ಪರೀಕ್ಷೆ. ಟೆಸ್ಟರ್ ಉರಿಯುವುದು ನಮ್ಮ ಮೈಯ ಮೂಲಕ ಹೋಗುವ ಅತಿ ಸಣ್ಣ ಕರೆಂಟಿನಿಂದ. ಒಣ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಮಂಕಾಗಬಹುದು, ಬಿಸಿಲಿನಲ್ಲಿ ಉರಿದರೂ ಕಾಣುವುದಿಲ್ಲ. ಆದುದರಿಂದ ಮೇನ್ ತೆಗೆಯುವ ಮೊದಲೇ ಕರೆಂಟಿರುವ ಸಾಕೆಟ್ಟಿನಲ್ಲಿ ಅದು ಉರಿಯುವುದನ್ನು ನೋಡಬೇಕು, ಬಳಿಕ ಕೆಲಸದ ಜಾಗದ ಎಲ್ಲ ತಂತಿಗಳಿಗೂ ಇಡಬೇಕು, ಮತ್ತೆ ಕರೆಂಟಿರುವ ಕಡೆ ಇಟ್ಟು ಟೆಸ್ಟರ್ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಗ ಕರೆಂಟು ಇರುವುದು ಮೇನಿಗೆ ಬರುವ ತಂತಿಯಲ್ಲಿ ಮಾತ್ರ. ಅಲ್ಲಿ ಮೇಸ್ತ್ರಿಯೇ ಇಡಬೇಕು, ಕಲಿಯುವವನು ಅಲ್ಲ. ಟೆಸ್ಟರಿನ ಜೊತೆಗೆ ಮಲ್ಟಿಮೀಟರನ್ನೂ ಇಟ್ಟು ನೋಡುವುದು ಮೇಲು.

ನಮ್ಮ ಮನೆಯ ಸರ್ವೀಸ್ ತುದಿ ಈಗ ಸರಿಯಾಗಿದೆ. ಹುಡುಗ ಪಾಠಕ್ಕೆ ಬಂದಿದ್ದ. ಕೈಗೆ ಇನ್ನೂ ಪಟ್ಟಿ ಇದ್ದುದರಿಂದ ಹಲಗೆ ಜೋಡಿಸಲಿಲ್ಲ, ಪಟ್ಟಿಯನ್ನು ಎಲ್ಲರಿಗೂ ಓದಿ ಬರೆಸಿದವನು ಅವನೇ. ಮುಂದಿನ ಪಾಠ ಅರ್ತಿಂಗ್ ಬಗ್ಗೆ. ದಿನಾಂಕವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಬರುವವರು ತಮ್ಮ ಟೆಸ್ಟರ್ ತಪ್ಪದೆ ತರಬೇಕಾಗಿ ವಿನಂತಿ.

ಕಾರ್ಯದರ್ಶಿ