ಬಿಲ್ ಕಟ್ಟುವ ಮುನ್ನ ಕೇಸ್ ಶೀಟ್ ನೋಡಿ

ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ಒಂದೇ ಹಾಳೆ: ವಾರ್ಡ್ ಬಾಡಿಗೆ, ಔಷಧಿ, ವೈದ್ಯರ ಭೇಟಿ, ಒಟ್ಟು ಮೊತ್ತ. ಅದರಲ್ಲಿ ತಪ್ಪು ಹುಡುಕಲಾಗದು. ದಿನಾಂಕವಾರು, ಐಟಂವಾರು ವಿವರದ ಬಿಲ್ ಕೇಳಿ. ಅದನ್ನು ಪಡೆಯುವುದು ರೋಗಿಯ ಹಕ್ಕು.

ಉದಾಹರಣೆಗೆ, ಡೆಂಗಿ ಜ್ವರಕ್ಕೆ ನಾಲ್ಕು ದಿನ ಅಡ್ಮಿಟ್ ಆದವರ ವಿವರದ ಬಿಲ್ಲಿನಲ್ಲಿ ತಲಾ 800 ರೂಪಾಯಿಯಂತೆ ವೈದ್ಯರ ಎಂಟು ಭೇಟಿಗಳಿವೆ ಎನ್ನಿ. ಕೇಸ್ ಶೀಟಿನಲ್ಲಿ ವೈದ್ಯರು ಬರೆದು ಸಹಿ ಮಾಡಿದ್ದು ಐದೇ ಸಲ. ಹೆಚ್ಚುವರಿ 2,400 ರೂಪಾಯಿ. ಇನ್ನು 350 ರೂಪಾಯಿಯ ಇಂಜೆಕ್ಷನ್ 12 ಬಿಲ್ ಆಗಿದೆ. ನರ್ಸ್ ಬರೆದ ಔಷಧಿ ಚಾರ್ಟಿನ ಪ್ರಕಾರ ಕೊಟ್ಟಿದ್ದು ಏಳು. ಉಳಿದ ಐದು ಫಾರ್ಮಸಿಗೆ ವಾಪಸಾದರೂ 1,750 ರೂಪಾಯಿ ಕಳೆದಿಲ್ಲ. ಇದು ಯಾವಾಗಲೂ ಮೋಸವೇ ಅಲ್ಲ. ಇಂಡೆಂಟ್ ಹಾಕಿದ ಕೂಡಲೇ ಬಿಲ್ಲಿಗೆ ಏರುತ್ತದೆ, ವಾಪಸಾದದ್ದನ್ನು ಯಾರೋ ಕೈಯಾರೆ ನಮೂದಿಸಬೇಕು.

ಬಾಯಲ್ಲಿ ಜಗಳವಾಡಿದರೆ ಕ್ಯಾಷಿಯರ್ ‘ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ’ ಅನ್ನುತ್ತಾರೆ. ಬಿಲ್ಲಿಂಗ್ ಮ್ಯಾನೇಜರಿಗೆ ಬರಹದಲ್ಲಿ, ಸಾಲು ಸಾಲಾಗಿ ದಿನಾಂಕ, ಮೊತ್ತ, ಕೇಸ್ ಶೀಟ್ ಹೇಳುವುದೇನು ಎಂದು ಕೊಡಿ. ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ವಿಮೆಯ ಕ್ಯಾಶ್‌ಲೆಸ್ ಆದರೆ ಅಂತಿಮ ಬಿಲ್ ಕಂಪನಿಗೆ ಹೋಗುವ ಮೊದಲೇ ಇದಾಗಬೇಕು. ದರವೇ ದುಬಾರಿ ಎಂಬುದು ಬೇರೆ ವಾದ, ಗೆಲ್ಲುವುದು ಕಷ್ಟ.

ತುರ್ತಾಗಿ ಹೊರಡಬೇಕಿದ್ದರೆ ‘ಆಕ್ಷೇಪಕ್ಕೆ ಒಳಪಟ್ಟು ಪಾವತಿ’ ಎಂದು ಬರೆದುಕೊಟ್ಟು ಹಣ ಕಟ್ಟಿ. ತಿದ್ದದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಾವಕಾಶವಿದೆ.