ಮೊದಲು ಕರಡು, ಆಮೇಲೆ ಒಂದೇ ಪ್ರಶ್ನೆ

ಉಯಿಲು ಬರೆಸಲು ಬಂದವರನ್ನು "ನಿಮ್ಮ ಇಚ್ಛೆ ಏನು, ಹೇಳಿ" ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಎರಡೇ ಪದದ್ದು: "ಎಲ್ಲರಿಗೂ ಸಮ." ಇನ್ನಷ್ಟು ಬಿಡಿಸಿ ಹೇಳಿ ಎಂದರೆ ಮಾತು ಮಗನ ಕೆಲಸ, ಸೊಸೆಯ ತವರು, ಬೋರ್‌ವೆಲ್ಲಿನ ಖರ್ಚು ಎಂದು ಎಲ್ಲೆಲ್ಲೋ ಸುತ್ತಿ, ಮತ್ತೆ ಅದೇ ಸಮಕ್ಕೆ ಬಂದು ನಿಲ್ಲುತ್ತದೆ. ಅವರಿಗೆ ತಮ್ಮ ಇಷ್ಟ ಗೊತ್ತಿಲ್ಲವೆಂದಲ್ಲ. ತಾವು ಇಲ್ಲದ ಮನೆಯನ್ನು ಕಲ್ಪಿಸಿಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಬ್ಬರಿಗೆ ವಿವರಿಸುವುದು ಯಾರಿಗೂ ಸುಲಭವಲ್ಲ. ಆದರೆ ಬರೆದದ್ದನ್ನು ಮುಂದಿಟ್ಟರೆ "ಇದು ಹೀಗಲ್ಲ" ಎನ್ನಲು ಅವರಿಗೆ ಅರೆಕ್ಷಣ ಸಾಕು.

ಅನುಭವವಿರುವ ವಕೀಲರು ಇದನ್ನು ಬಲ್ಲರು. ಮೊದಲ ಭೇಟಿಯಲ್ಲಿ ಅವರು ಹೆಚ್ಚು ಕೇಳುವುದಿಲ್ಲ, ಕಾಗದಪತ್ರ ತೆಗೆದುಕೊಳ್ಳುತ್ತಾರೆ. ಎರಡನೆಯ ಭೇಟಿಗೆ ತಮ್ಮ ಊಹೆಯ ಒಂದು ಕರಡನ್ನೂ ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಸಿದ್ಧಮಾಡಿಟ್ಟಿರುತ್ತಾರೆ.

ಉದಾಹರಣೆಗೆ ತಿಪಟೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಸಂಬಳದಲ್ಲಿ ಉಳಿಸಿ ಕೊಂಡ 30x40 ನಿವೇಶನದಲ್ಲಿ ಮಹಡಿ ಮನೆ ಇದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಎರಡು ಎಕರೆ ತೆಂಗಿನ ತೋಟವಿದೆ. ಬ್ಯಾಂಕಿನಲ್ಲಿ ಠೇವಣಿ ಇದೆ. ಹೆಂಡತಿ, ಬೆಂಗಳೂರಿನಲ್ಲಿರುವ ಮಗ, ಹಾಸನಕ್ಕೆ ಕೊಟ್ಟ ಮಗಳು ಇದ್ದಾರೆ. ಅವರು ಹೇಳಿದ್ದೂ "ಎಲ್ಲರಿಗೂ ಸಮ" ಎಂದೇ.

ಇಲ್ಲಿ ವಕೀಲರಿಗೆ ತಿಳಿಯಬೇಕಾದ್ದರಲ್ಲಿ ಹೆಚ್ಚಿನದನ್ನು ಕಾಗದಗಳೇ ಹೇಳುತ್ತವೆ. ಕ್ರಯಪತ್ರ ನೋಡಿದರೆ ಮನೆ ಸ್ವಯಾರ್ಜಿತ, ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಪಾಲುಪತ್ರ ನೋಡಿದರೆ ತೋಟ ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯ ನಂತರ ಮಗಳಿಗೂ ಅಷ್ಟೇ. ಹಾಗಾಗಿ ಮೇಷ್ಟ್ರು ಉಯಿಲಿನಲ್ಲಿ ಬರೆಯಬಹುದಾದದ್ದು ತೋಟದಲ್ಲಿ ತಮ್ಮ ಪಾಲನ್ನು ಮಾತ್ರ. ಇದನ್ನೆಲ್ಲ ಮೇಷ್ಟ್ರನ್ನು ಕೇಳಿ ಪ್ರಯೋಜನವಿಲ್ಲ. ಕೇಳಿದರೆ "ತೋಟ ನನ್ನ ಹೆಸರಲ್ಲೇ ಇದೆಯಲ್ಲ, ಪಹಣಿ ನೋಡಿ" ಎಂದು ನಂಬಿಕೆಯಿಂದ ತಪ್ಪು ಉತ್ತರ ಕೊಡುತ್ತಾರೆ.

ಕಾಗದ ಹೇಳದ, ಆದರೆ ಉಯಿಲಿನ ದಿಕ್ಕನ್ನೇ ಬದಲಿಸುವ ಸಂಗತಿ ಒಂದಿದೆ. ಮನೆ ಹೆಂಡತಿಗೆ ಪೂರ್ಣ ಹಕ್ಕಿನಿಂದ ಹೋಗಬೇಕೋ, ಅವರು ಬದುಕಿರುವವರೆಗೆ ಮಾತ್ರವೋ? ಪೂರ್ಣ ಹಕ್ಕು ಕೊಟ್ಟರೆ ಅವರು ಅದನ್ನು ಮಾರಬಹುದು, ತಾವೇ ಇನ್ನೊಂದು ಉಯಿಲು ಬರೆಯಬಹುದು. ಜೀವಿತಾವಧಿಗೆ ಮಾತ್ರ ಎಂದರೆ ವಾಸ ಮಾಡಬಹುದು, ಬಾಡಿಗೆ ತಿನ್ನಬಹುದು, ಮಾರುವಂತಿಲ್ಲ, ನಂತರ ಮನೆ ಮಕ್ಕಳಿಗೆ ಸೇರುತ್ತದೆ. ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಉಯಿಲಿನಲ್ಲಿ ಮಿತಿ ಹಾಕಿ ಕೊಟ್ಟ ಆಸ್ತಿ ಮಿತಿಯಲ್ಲೇ ಉಳಿಯಬಹುದು. ಆದರೆ ಹೆಂಡತಿಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟದ್ದಾದರೆ, ಮಿತಿ ಬರೆದಿದ್ದರೂ ಅದು ಪೂರ್ಣ ಹಕ್ಕಾಗಿಬಿಡುತ್ತದೆ. 1977ರಲ್ಲಿ ತುಲಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಂದರೆ ಮೇಷ್ಟ್ರ ಉತ್ತರವೊಂದೇ ಸಾಲದು, ಅದನ್ನು ಯಾವ ಮಾತಿನಲ್ಲಿ ಬರೆಯುತ್ತಾರೆ ಎಂಬುದೂ ಮುಖ್ಯ.

ಆದ್ದರಿಂದ ವಕೀಲರು ಮನೆ ಹೆಂಡತಿಗೆ ಪೂರ್ಣ ಹಕ್ಕಿನಿಂದ, ಅವರು ಮೊದಲೇ ಹೋದರೆ ಮಗನಿಗೂ ಮಗಳಿಗೂ ಅರ್ಧರ್ಧ, ತೋಟದ ಪಾಲೂ ಹಾಗೆಯೇ, ಠೇವಣಿ ಹೆಂಡತಿಗೆ ಎಂದು ಒಂದು ಪುಟ ಬರೆಯುತ್ತಾರೆ. ತಾವೇ ಊಹಿಸಿದ ಮಾತುಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ಪುಟದ ತುದಿಯಲ್ಲಿ ಪ್ರಶ್ನೆ: "ಮನೆಯನ್ನು ಅಮ್ಮನವರಿಗೆ ಪೂರ್ತಿಯಾಗಿ ಬರೆದಿದ್ದೇನೆ. ನಾಳೆ ಅವರು ಅದನ್ನು ಮಾರಿದರೂ ನಿಮಗೆ ಒಪ್ಪಿಗೆಯೇ?" ಇದನ್ನು "ಪೂರ್ಣ ಹಕ್ಕೋ ಸೀಮಿತ ಹಕ್ಕೋ" ಎಂದು ಕೇಳಿದ್ದರೆ ಮೇಷ್ಟ್ರು "ನೀವೇ ಹೇಳಿ ಸ್ವಾಮಿ" ಎಂದುಬಿಡುತ್ತಿದ್ದರು. ಮಾರುವ ಮಾತು ಬಂದಾಗ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ.

ಮೇಷ್ಟ್ರು ಓದುತ್ತಾರೆ. "ಮಾರಲಿ ಬಿಡಿ, ಅವಳ ಕಷ್ಟಕ್ಕೆ ಆಗದ ಮನೆ ಇನ್ಯಾಕೆ?" ಎಂದು ಪ್ರಶ್ನೆಗೆ ಸಲೀಸಾಗಿ ಉತ್ತರಿಸುತ್ತಾರೆ. ಆದರೆ ಅವರ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿರುತ್ತದೆ. "ಇದೇನಿದು, ಮನೆ ಅರ್ಧರ್ಧ? ಸಮ ಅಂದ್ರೆ ಮನೆ ಸೀಳೋದು ಅಂತ ನಾನೆಲ್ಲಿ ಹೇಳಿದೆ? ಮಹಡಿ ಕಟ್ಟಿಸೋವಾಗ ನಾಲ್ಕು ಲಕ್ಷ ಕೊಟ್ಟವಳು ಮಗಳು. ಮಹಡಿ ಅವಳದು, ಕೆಳಗಡೆ ಇವನದು." ಆ ನಾಲ್ಕು ಲಕ್ಷದ ಸುದ್ದಿ ಅಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಯಾವ ಪ್ರಶ್ನಾವಳಿಯಲ್ಲೂ "ಮಹಡಿಗೆ ದುಡ್ಡು ಕೊಟ್ಟವರು ಯಾರು" ಎಂಬ ಕಾಲಂ ಇರುವುದಿಲ್ಲ. ಅದನ್ನು ಹೊರತೆಗೆದದ್ದು ತಪ್ಪಾದ ಊಹೆಯೇ. ಕರಡು ಬರೆಯುವವರು ಅರ್ಧರ್ಧದಂಥ ಸ್ಪಷ್ಟ ಊಹೆ ಮಾಡದೆ "ಮಕ್ಕಳು ತಮ್ಮಲ್ಲಿ ಒಪ್ಪಿದಂತೆ ಹಂಚಿಕೊಳ್ಳತಕ್ಕದ್ದು" ಎಂದು ಮಂಜುಮಂಜಾಗಿ ಬರೆದಿದ್ದರೆ ಮೇಷ್ಟ್ರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಜಗಳ ಅವರ ತಿಥಿಯ ಮಾರನೆಯ ದಿನಕ್ಕೆ ಕಾದಿರುತ್ತಿತ್ತು.

ಪ್ರಶ್ನೆ ಒಂದೇ ಏಕೆ ಎಂದರೆ, ಆರು ಕೇಳಿದಾಗ ಜನ ಸುಲಭವಾದ ಎರಡಕ್ಕೆ ಉತ್ತರಿಸಿ, ಕಷ್ಟದ್ದನ್ನು "ಮನೇಲಿ ಕೇಳಿ ಹೇಳ್ತೀನಿ" ಎಂದು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಮರಳುವುದೇ ಇಲ್ಲ. ಉಳಿದ ಐದಕ್ಕೆ ಕರಡೇ ಒಂದೊಂದು ಉತ್ತರ ಬರೆದುಕೊಂಡಿರುವುದರಿಂದ, ಒಪ್ಪದ ಕಡೆ ಅವರೇ ತಡೆಯುತ್ತಾರೆ.

ಆದರೆ ಊಹೆ ಎಲ್ಲಿ ಸಲ್ಲ ಎಂಬುದೂ ಗೊತ್ತಿರಬೇಕು. ಸರ್ವೆ ನಂಬರು, ಖಾತೆ ಸಂಖ್ಯೆ, ಚಕ್ಕುಬಂದಿ ಇವನ್ನು ಮೂಲಪತ್ರ ನೋಡಿಯೇ ತುಂಬಬೇಕು, ಸಿಗದಿದ್ದರೆ ಜಾಗ ಖಾಲಿ ಬಿಡಬೇಕು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ನೊಬ್ಬರ ನಿವೇಶನ ಎಂದು ಟೈಪಾಗಿ ಬಂದ ಸಾಲನ್ನು ಯಾರೂ ಓದಿ ತಡೆಯುವುದಿಲ್ಲ. ತಪ್ಪಿದ್ದರೂ ಅದು ಸರಿಯಾದದ್ದರಂತೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೆಂದರೆ ವಕೀಲರ ಊಹೆಯೇ ಮೇಷ್ಟ್ರ ಇಚ್ಛೆಯಾಗಿಬಿಡುವುದು. ಪುಟವನ್ನು ಒಮ್ಮೆ ಕಣ್ಣಾಡಿಸಿ "ಎಲ್ಲ ಸರಿಯಾಗಿದೆ ಸ್ವಾಮಿ, ಎಲ್ಲಿ ಸಹಿ?" ಎಂದರೆ ಅದು ಒಪ್ಪಿಗೆಯಲ್ಲ, ಸಂಕೋಚ ಅಥವಾ ಆಯಾಸ. ಆಗ ಕಾಗದ ಮಗುಚಿಟ್ಟು "ಯಾರಿಗೆ ಏನು ಬರುತ್ತೆ ಅಂತ ಒಂದ್ಸಲ ನೀವೇ ಹೇಳಿ ಮೇಷ್ಟ್ರೇ" ಎನ್ನಬೇಕು. ಕರಡಿಗೂ ಅವರ ಮಾತಿಗೂ ಹೊಂದದ ಕಡೆ ಮಾತನ್ನೇ ಉಳಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಮಗನಾಗಲಿ ಮಗಳಾಗಲಿ ಕೋಣೆಯಲ್ಲಿ ಇರಬಾರದು. ಇದು ಬರೀ ಶಿಷ್ಟಾಚಾರದ ಮಾತಲ್ಲ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ, 1959ರಲ್ಲಿ, ಉಯಿಲು ತಯಾರಿಸುವುದರಲ್ಲಿ ಮುಂದೆ ನಿಂತವನೇ ಅದರಿಂದ ದೊಡ್ಡ ಲಾಭ ಪಡೆಯುವುದಾದರೆ ಅದು ಸಂಶಯಕ್ಕೆ ಕಾರಣ, ಆ ಸಂಶಯ ನಿವಾರಿಸುವ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಉಯಿಲನ್ನು ಎತ್ತಿಹಿಡಿಯಲಿಲ್ಲ.

ಹೀಗಾಗಿ ಗೆರೆ ಎಳೆದ ಮೊದಲ ಕರಡನ್ನು, ಅದರಂಚಿನಲ್ಲಿ ಮೇಷ್ಟ್ರು ತಮ್ಮ ಕೈಯಿಂದ ಬರೆದ "ಮಹಡಿ ಮಗಳಿಗೆ" ಎಂಬ ತಿದ್ದುಪಡಿಯ ಸಮೇತ, ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಉಯಿಲಿನ ಬೆಲೆಯಿಲ್ಲ, ಆದರೆ ಹತ್ತು ವರ್ಷದ ಮೇಲೆ ಯಾರಾದರೂ "ಇದು ಅಪ್ಪನ ಇಚ್ಛೆಯಲ್ಲ" ಎಂದರೆ ತೋರಿಸಲು ಇರುತ್ತದೆ. ಅಂತಿಮ ಪ್ರತಿಗೆ ಬೇಕಾದದ್ದು ಮೇಷ್ಟ್ರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ. ಛಾಪಾಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಅಲ್ಲಿಗೆ ಹೋಗುವ ಮುಂಚೆ ಎರಡನೆಯ ಕರಡು ಬರುತ್ತದೆ. ಅದರ ತುದಿಯಲ್ಲೂ ಒಂದೇ ಪ್ರಶ್ನೆ: "ಮಹಡಿಗೆ ಹೋಗುವ ಮೆಟ್ಟಿಲು ಕೆಳಮನೆಯ ಹಜಾರದೊಳಗಿಂದಲೇ ಇದೆ. ಹೊರಗಿನಿಂದ ಬೇರೆ ಮೆಟ್ಟಿಲು ಮಾಡಿಸುವ ಖರ್ಚು ಯಾರದೆಂದು ಬರೆಯಲಿ?"