ಕೂಸಿನ ನಿದ್ದೆ ಕೆಡಿಸುವ ತುರಿಕೆ

5 ತಿಂಗಳ ಕೂಸು. ಹಗಲು ಚೆನ್ನಾಗಿಯೇ ಆಡಿಕೊಂಡಿರುತ್ತದೆ. ರಾತ್ರಿ ಮಲಗಿಸಿದ ಒಂದೆರಡು ಗಂಟೆಗೆ ಮಿಸುಕಾಡಿ ಅಳತೊಡಗುತ್ತದೆ. ಹಾಲು ಕೊಟ್ಟರೆ ನಾಲ್ಕು ಗುಟುಕು ಕುಡಿದು ಬಿಡುತ್ತದೆ, ಲಂಗೋಟಿಯೂ ಒದ್ದೆಯಾಗಿಲ್ಲ. ಹೆಗಲಿಗೆ ಹಾಕಿಕೊಂಡರೆ ಕೆನ್ನೆಯನ್ನು ಅಮ್ಮನ ಬಟ್ಟೆಗೆ ತಿಕ್ಕುತ್ತದೆ. ಹಲ್ಲು ಬರುತ್ತಿರಬೇಕು, ದೃಷ್ಟಿಯಾಗಿರಬೇಕು ಎಂದು ಮನೆಯವರು ಹೇಳುತ್ತಾರೆ. ದೀಪ ಹಾಕಿ ನೋಡಿದರೆ ಕೆನ್ನೆ ಕೆಂಪಾಗಿ ಒರಟಾಗಿದೆ, ಕೈಕಾಲಿನ ಹೊರಮೈಯಲ್ಲಿ ಒಣ ಚಕ್ಕೆಗಳಿವೆ. ಲಂಗೋಟಿ ಕಟ್ಟುವ ಜಾಗ ಮಾತ್ರ ನುಣುಪಾಗಿದೆ. ಹಸುಗೂಸುಗಳಲ್ಲಿ ಇಸುಬು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಹೀಗೆ. ಈ ವಯಸ್ಸಿಗೆ ಬೆರಳಿಂದ ಸರಿಯಾಗಿ ಕೆರೆದುಕೊಳ್ಳಲು ಬಾರದು. ಹಾಗಾಗಿ ತಿಕ್ಕುವುದೇ ಅದರ ಕೆರೆತ.

ಕಪ್ಪು ಅಥವಾ ಗೋಧಿ ಮೈಬಣ್ಣದ ಮಕ್ಕಳಲ್ಲಿ ಕೆಂಪು ಅಷ್ಟಾಗಿ ಕಾಣದು. ಆ ಜಾಗ ಬೂದು ಅಥವಾ ಕಡುಕಂದು ಬಣ್ಣಕ್ಕೆ ತಿರುಗಿರಬಹುದು. ಸವರಿ ನೋಡಿದರೆ ಒರಟುತನ ಕೈಗೆ ತಿಳಿಯುತ್ತದೆ.

ಇಸುಬಿರುವ ಚರ್ಮ ತನ್ನೊಳಗಿನ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಒಣಗಿದಷ್ಟೂ ತುರಿಕೆ, ತಿಕ್ಕಿದಷ್ಟೂ ಉರಿಯೂತ. ರಾತ್ರಿ ಚರ್ಮ ಬೆಚ್ಚಗಾಗುತ್ತದೆ, ಅದರಿಂದ ಇನ್ನಷ್ಟು ನೀರು ಆರಿಹೋಗುತ್ತದೆ. ಉರಿಯೂತವನ್ನು ತಗ್ಗಿಸುವ ಕಾರ್ಟಿಸಾಲ್ ಎಂಬ ಹಾರ್ಮೋನೂ ಆ ಹೊತ್ತಿಗೆ ಇಳಿದಿರುತ್ತದೆ. ಆದ್ದರಿಂದ ನಡುರಾತ್ರಿಯ ತುರಿಕೆಗೆ ಸಂಜೆಯೇ ತಯಾರಾಗಬೇಕು.

ಮೊದಲು ಸ್ನಾನ. ಹಬೆಯಾಡುವ ನೀರು ಹುಯ್ದು, ಕಡಲೆಹಿಟ್ಟು ತಿಕ್ಕಿ, ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಇಸುಬಿನ ಮಗುವಿಗೆ ಈ ಮೂರೂ ಹಿತವಲ್ಲ. ಉಗುರುಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷದ ಸ್ನಾನ ಸಾಕು. ಸೋಪಿನ ಬದಲು ಏನು ಬಳಸಬೇಕೆಂದು ವೈದ್ಯರನ್ನು ಕೇಳಿ. ಮೈ ಉಜ್ಜದೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ, ಇನ್ನೂ ತುಸು ತೇವ ಇರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಸವರಿ. ಬಹಳ ಮಂದಿ ಎಡವುವುದು ಇಲ್ಲೇ: ಚಕ್ಕೆ ಕಂಡ ಕಡೆ ಮಾತ್ರ ತೆಳುವಾಗಿ ಹಚ್ಚಿ ಬಿಡುತ್ತಾರೆ. ಹಚ್ಚಬೇಕಾದದ್ದು ಇಡೀ ಮೈಗೆ, ದಿನಕ್ಕೆ ಕನಿಷ್ಠ ಎರಡು ಸಲ. ಸಣ್ಣ ಟ್ಯೂಬು ತಿಂಗಳುಗಟ್ಟಲೆ ಬಂದರೆ ಹಚ್ಚಿದ್ದು ಸಾಲದು ಎಂದೇ ಅರ್ಥ.

ಆಮೇಲೆ ಸಡಿಲವಾದ ಹತ್ತಿ ಅಂಗಿ. ಉಣ್ಣೆಯ ಟೋಪಿ, ಸ್ವೆಟರ್ ನೇರವಾಗಿ ಮೈಗೆ ತಾಗಬಾರದು. ಬೆವರಿದರೆ ತುರಿಕೆ ಹೆಚ್ಚುತ್ತದೆ. ಉಗುರು ಚಿಕ್ಕದಾಗಿ ಕತ್ತರಿಸಿ. ಕೆರೆಯದಿರಲೆಂದು ಮಗುವನ್ನು ಬಿಗಿಯಾಗಿ ಸುತ್ತುವುದಾಗಲಿ, ಬೋರಲು ಮಲಗಿಸುವುದಾಗಲಿ ಬೇಡ.

ಇಷ್ಟೆಲ್ಲ ಮಾಡಿಯೂ ಕೆಂಪು ಉಳಿದರೆ ವೈದ್ಯರು ಕೆಲವು ದಿನಕ್ಕೆ ಕಡಿಮೆ ತೀವ್ರತೆಯ ಸ್ಟೀರಾಯ್ಡ್ ಮುಲಾಮು ಬರೆಯಬಹುದು. ಹೆಸರು ಕೇಳಿಯೇ ಹೆದರಿ ಅರೆಬರೆ ಹಚ್ಚಿದರೆ ಉರಿಯೂತ ಆರುವುದಿಲ್ಲ. ಎಷ್ಟು ಹಚ್ಚಬೇಕೆಂದು ತೋರಿಸಿಕೊಡಲು ಹೇಳಿ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು, ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಎಷ್ಟು ದಿನ, ಮುಖಕ್ಕೂ ಹಚ್ಚಬಹುದೇ, ಮಾಯಿಶ್ಚರೈಸರ್‌ಗೂ ಇದಕ್ಕೂ ಎಷ್ಟು ಹೊತ್ತಿನ ಅಂತರ ಇರಬೇಕು ಎಂಬುದನ್ನೂ ಕೇಳಿಕೊಳ್ಳಿ. ಮೆಡಿಕಲ್ ಸ್ಟೋರಿನಲ್ಲಿ ‘ತುರಿಕೆಗೆ’ ಎಂದು ಕೇಳಿ ತಂದ ಟ್ಯೂಬನ್ನು ಮಾತ್ರ ಮಗುವಿಗೆ ಹಚ್ಚಬೇಡಿ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ ಔಷಧದ ಜೊತೆ ಬಲು ತೀವ್ರವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ನಿದ್ದೆ ಬರಿಸುವ ಅಲರ್ಜಿ ಸಿರಪ್ಪೂ ಸ್ವಂತ ನಿರ್ಧಾರದಲ್ಲಿ ಬೇಡ. ತಾಯಿ ಪಥ್ಯ ಹಿಡಿಯುವ ಮುನ್ನವೂ ವೈದ್ಯರ ಮಾತು ಕೇಳಬೇಕು.

ವೈದ್ಯರು ಮಗುವನ್ನು ನೋಡುವುದು ಹಗಲಿನಲ್ಲಿ. ಹಾಗಾಗಿ ಎಷ್ಟು ಸಲ ಎದ್ದಿತು, ಎಲ್ಲಿ ತಿಕ್ಕುತ್ತಿತ್ತು ಎಂದು ಒಂದು ವಾರ ಬರೆದಿಡಿ. ರಾತ್ರಿ ತೆಗೆದ ಫೋಟೊ, ಮನೆಯಲ್ಲಿರುವ ಎಲ್ಲ ಟ್ಯೂಬು, ಎಣ್ಣೆ, ಸೋಪುಗಳನ್ನೂ ಒಯ್ಯಿರಿ. ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆಯಿದ್ದರೆ, ಮಗುವಿನ ಅಂಗೈ ಅಂಗಾಲಿನಲ್ಲಿ ಗುಳ್ಳೆಗಳಿದ್ದರೆ ತಪ್ಪದೆ ಹೇಳಿ. ಅದು ಇಸುಬಲ್ಲ, ಕಜ್ಜಿ ಇರಬಹುದು. ಕಜ್ಜಿಯಾದರೆ ಮನೆಯವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ಚರ್ಮದಿಂದ ನೀರು ಒಸರಿ ಹಳದಿ ಹೆಪ್ಪುಗಟ್ಟಿದರೆ ಸೋಂಕು ತಗಲಿದೆ ಎಂದು ತಿಳಿದು ತಡಮಾಡದೆ ತೋರಿಸಿ. ಒಂದೇ ಅಳತೆಯ ನೀರುಗುಳ್ಳೆ ಅಥವಾ ಕೊರೆದಂಥ ಹುಣ್ಣುಗಳು ಗುಂಪಾಗಿ ಎದ್ದು ನೋವು, ಜ್ವರ ಬಂದರೆ, ಮಗು ಹಾಲು ಕುಡಿಯದೆ ಮಂಕಾದರೆ ಬೆಳಗಾಗಲೆಂದು ಕಾಯಬೇಡಿ. ಅದು ಹರ್ಪಿಸ್ ವೈರಸ್ ಸೋಂಕಾಗಿರಬಹುದು. ಆಗಲೇ ಆಸ್ಪತ್ರೆಗೆ ಹೊರಡಿ.